ಹದಿನೆಂಟು ಸಾವಿರ ಕೋಟಿಯಲ್ಲಿ ನಮ್ಮ ಪಾಲೆಷ್ಟು?

2025ರ ಸೆಪ್ಟೆಂಬರ್ 11ರಂದು ಪೇಟೆ ಮುಚ್ಚಿದ ಮೇಲೆ ಇನ್ಫೊಸಿಸ್ ಕಂಪನಿ ಷೇರುಪೇಟೆಗಳಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಕಳಿಸಿತು. 5 ರೂಪಾಯಿ ಮುಖಬೆಲೆಯ 10 ಕೋಟಿ ಷೇರುಗಳನ್ನು ತಲಾ 1,800 ರೂಪಾಯಿಗೆ, ಒಟ್ಟು 18,000 ಕೋಟಿ ರೂಪಾಯಿ ಮೀರದಂತೆ, ಷೇರುದಾರರಿಂದ ವಾಪಸ್ ಕೊಳ್ಳಲು ನಿರ್ದೇಶಕರ ಮಂಡಳಿ ಒಪ್ಪಿದೆ ಎಂಬುದು ಅದರ ತಿರುಳು. ಆ ದಿನ ಷೇರಿನ ಬೆಲೆ 1,510ರ ಆಸುಪಾಸಿನಲ್ಲಿತ್ತು. ಮರುದಿನದ ಪತ್ರಿಕೆ, ಟಿವಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಉಳಿದದ್ದು ಎರಡೇ ಸಂಖ್ಯೆ: 18,000 ಕೋಟಿ ಮತ್ತು 1,800 ರೂಪಾಯಿ. ಪೇಟೆಯಲ್ಲಿ 1,500ಕ್ಕೆ ಕೊಂಡು ಕಂಪನಿಗೆ 1,800ಕ್ಕೆ ಕೊಟ್ಟರೆ ಷೇರಿಗೆ 300 ರೂಪಾಯಿ ಗ್ಯಾರಂಟಿ ಎಂಬ ಲೆಕ್ಕ ಅಲ್ಲಿಂದಲೇ ಹುಟ್ಟಿತು.

ಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನೂರಿನ್ನೂರು ಷೇರು ಇಟ್ಟುಕೊಂಡ ಸಾಮಾನ್ಯ ಹೂಡಿಕೆದಾರನಿಗೆ ಬೇಕಾದ ಸಂಖ್ಯೆಯೂ ಅದರಲ್ಲಿ ಇರಲಿಲ್ಲ. ಅದು ಎರಡು ತಿಂಗಳ ಮೇಲೆ, ಬೇರೊಂದು ದಾಖಲೆಯಲ್ಲಿ ಬಂತು. ಬೈಬ್ಯಾಕ್ ಎಂದರೆ ಒಂದೇ ಪ್ರಕಟಣೆ ಅಲ್ಲ, ಒಂದರ ಹಿಂದೊಂದು ಬರುವ ಪ್ರಕಟಣೆಗಳ ಸಾಲು. ಯಾವುದರಲ್ಲಿ ಏನು ಸಿಗುತ್ತದೆ ಎಂದು ಗೊತ್ತಿದ್ದರೆ ಇಂಗ್ಲಿಷಿನ ನೂರು ಪುಟ ಓದುವ ಗೋಜಿಲ್ಲ. ಬೆಂಗಳೂರಿನದೇ ಕಂಪನಿಯ ಈ ಒಂದು ಬೈಬ್ಯಾಕನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನೋಡೋಣ. ರಾಜ್ಯದಲ್ಲಿ ಇನ್ಫೊಸಿಸ್ ಷೇರು ಇಟ್ಟುಕೊಂಡ ಮನೆಗಳೂ ಕಡಿಮೆ ಏನಿಲ್ಲ.

ಸಾಲು ಶುರುವಾದದ್ದು ಸೆಪ್ಟೆಂಬರ್ 8ರಂದು. 11ರಂದು ನಡೆಯುವ ಸಭೆಯಲ್ಲಿ ಬೈಬ್ಯಾಕ್ ಪ್ರಸ್ತಾವ ಪರಿಗಣಿಸಲಾಗುವುದು ಎಂಬ ನಾಲ್ಕು ಸಾಲಿನ ಸೂಚನೆ ಅದು. ಸಭೆಗೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಇಂಥ ಸೂಚನೆ ಕೊಡಬೇಕೆಂದು ಸೆಬಿಯ ನಿಯಮವಿದೆ. ಇದರಲ್ಲಿ ಬೆಲೆ ಇರುವುದಿಲ್ಲ, ಮೊತ್ತವೂ ಇರುವುದಿಲ್ಲ. ಆದರೂ ಪೇಟೆ ಕುಣಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಪ್ರಸ್ತಾವವನ್ನು ಮಂಡಳಿ ತಳ್ಳಿಹಾಕಲೂಬಹುದು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಎರಡನೆಯದು 11ನೇ ತಾರೀಖಿನ ಪತ್ರ. ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಅರ್ಧ ಪುಟ ಹಬ್ಬಿರುತ್ತದೆ. ಅದರೊಳಗೆ ನಮಗೆ ಬೇಕಾದ್ದು ಮೂರು ವಿಷಯ. ಮೊದಲನೆಯದು, ಕೊಳ್ಳುವ ವಿಧಾನ. ಇನ್ಫೊಸಿಸ್ ‘ಟೆಂಡರ್ ಆಫರ್’ ಎಂದಿತ್ತು, ಜೊತೆಗೆ ‘ಪ್ರಪೋರ್ಷನೇಟ್’ ಎಂಬ ಪದವೂ ಇತ್ತು. ಎಲ್ಲರಿಂದಲೂ ಒಂದೇ ನಿಗದಿತ ಬೆಲೆಗೆ, ಆದರೆ ಅವರವರ ಪಾಲಿಗೆ ತಕ್ಕಷ್ಟು ಮಾತ್ರ ಕೊಳ್ಳುತ್ತೇವೆ ಎಂದು ಇದರ ಅರ್ಥ. ಎರಡನೆಯದು, 10 ಕೋಟಿ ಷೇರು ಎಂದರೆ ಒಟ್ಟು ಷೇರುಗಳಲ್ಲಿ ಶೇ 2.41 ಎಂಬ ಲೆಕ್ಕ. ಮೂರನೆಯದು, ಇದಕ್ಕೆ ಷೇರುದಾರರ ವಿಶೇಷ ನಿರ್ಣಯ ಬೇಕು ಎಂಬ ಷರತ್ತು. ಕಂಪನಿಯ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲು ನಿಧಿಯ ಶೇ 10ರವರೆಗಿನ ಬೈಬ್ಯಾಕ್‌ಗೆ ಮಂಡಳಿಯ ಒಪ್ಪಿಗೆಯೇ ಸಾಕು. ಅದನ್ನು ದಾಟಿದರೆ ಷೇರುದಾರರ ಮತ ಬೇಕು. ಶೇ 25ನ್ನು ಮೀರುವಂತೆಯೇ ಇಲ್ಲ.

ಇಲ್ಲಿ ಶೇ 2.41ರ ಮೇಲೆ ಸ್ವಲ್ಪ ನಿಲ್ಲಬೇಕು. ಎಲ್ಲ ಷೇರುದಾರರೂ ಸಮನಾಗಿ ಪಾಲ್ಗೊಂಡರೆ ನೂರು ಷೇರಿನವನಿಗೆ ಕೊಡಲು ಸಿಗುವುದು ಎರಡೇ ಷೇರು. 300 ರೂಪಾಯಿಯಂತೆ ಲಾಭ 600 ರೂಪಾಯಿ. 1,800 ಎಂಬ ಬೆಲೆಯನ್ನು ದಪ್ಪಕ್ಷರದಲ್ಲಿ ನೋಡಿದವರು 2.41 ಎಂಬುದನ್ನು ಓದದೆ ಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಬೈಬ್ಯಾಕ್ ಪತ್ರ ಕೈಗೆ ಬಂದಾಗ ಬೆಲೆಗಿಂತ ಮೊದಲು ಹುಡುಕಬೇಕಾದದ್ದು ಈ ಶೇಕಡಾವಾರು ಅಂಕಿಯನ್ನು.

ವಿಧಾನವನ್ನು ನೋಡಬೇಕೆಂದು ಹೇಳಿದ್ದಕ್ಕೂ ಕಾರಣವಿದೆ. ಇದೇ ಇನ್ಫೊಸಿಸ್ 2022ರಲ್ಲಿ 9,300 ಕೋಟಿ ರೂಪಾಯಿಯ ಬೈಬ್ಯಾಕ್ ಪ್ರಕಟಿಸಿದಾಗ ಪತ್ರದಲ್ಲಿ 1,850 ರೂಪಾಯಿ ಎಂದಿತ್ತು. ಆದರೆ ಅದು ಗರಿಷ್ಠ ಬೆಲೆ. ಆಗ ಕಂಪನಿ ಷೇರುಪೇಟೆಯಲ್ಲಿ ದಿನನಿತ್ಯದ ಬೆಲೆಗೆ ಎಲ್ಲರಂತೆ ಕೊಳ್ಳುತ್ತಾ ಹೋಯಿತು. ಕೊನೆಗೆ ಸುಮಾರು 6.04 ಕೋಟಿ ಷೇರು ಕೊಂಡಿತು, ಸರಾಸರಿ ಬೆಲೆ 1,539ರಷ್ಟಾಯಿತು. 1,850 ಕೊಡುತ್ತಾರೆಂದು ಕಾದವರಿಗೆ ಯಾವ ಅರ್ಜಿಯೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಪೇಟೆಯ ಮೂಲಕ ಕೊಳ್ಳುವ ಆ ದಾರಿಯನ್ನು ಸೆಬಿ ಹಂತಹಂತವಾಗಿ ಮುಚ್ಚಿ, 2025ರ ಏಪ್ರಿಲ್‌ನಿಂದ ನಿಲ್ಲಿಸಿತು.

ಮತ್ತೆ 2025ಕ್ಕೆ ಬರೋಣ. ಅಕ್ಟೋಬರ್ 22ರಂದು ಇನ್ನೊಂದು ಪ್ರಕಟಣೆ ಬಂತು. ನಂದನ್ ನಿಲೇಕಣಿ, ಸುಧಾ ಮೂರ್ತಿ ಸೇರಿದಂತೆ ಪ್ರವರ್ತಕರು ಮತ್ತು ಅವರ ಗುಂಪಿನವರು ಬೈಬ್ಯಾಕ್‌ನಲ್ಲಿ ತಮ್ಮ ಷೇರು ಕೊಡುವುದಿಲ್ಲ ಎಂದು ಅದರಲ್ಲಿತ್ತು. ಅವರ ಕೈಯಲ್ಲಿ ಒಟ್ಟು ಶೇ 13.05ರಷ್ಟು ಷೇರುಗಳಿದ್ದವು. ಸುದ್ದಿಯಾಗಿ ಓದಿ ಮರೆಯಬಹುದಾದ ಸಾಲು ಇದು. ಲೆಕ್ಕದಲ್ಲಿ ಮಾತ್ರ ಇದಕ್ಕೆ ಬೆಲೆಯಿದೆ. ಒಟ್ಟು ಸುಮಾರು 415 ಕೋಟಿ ಷೇರುಗಳಲ್ಲಿ 54 ಕೋಟಿ ಬದಿಗೆ ಸರಿದವು. ಉಳಿದ 361 ಕೋಟಿ ಷೇರುಗಳ ನಡುವೆ ಅದೇ 10 ಕೋಟಿ ಹಂಚಿಕೆಯಾಗಬೇಕು. ಅಂದರೆ ಸರಾಸರಿ ಪಾಲು ಶೇ 2.41ರಿಂದ 2.77ಕ್ಕೆ ಏರಿತು.

ನವೆಂಬರ್ ಮೊದಲ ವಾರ ಮತದಾನದ ಫಲಿತಾಂಶ ಬಂತು. ನಿರ್ಣಯ ಪಾಸಾಗಿ, ನವೆಂಬರ್ 14 ರೆಕಾರ್ಡ್ ದಿನ ಎಂದು ಗೊತ್ತಾಯಿತು. ಈ ಘಟ್ಟದಲ್ಲಿ ಕಂಪನಿ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಒಂದು ಇಂಗ್ಲಿಷ್, ಒಂದು ಹಿಂದಿ, ಜೊತೆಗೆ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಒಂದು ಪತ್ರಿಕೆಯಲ್ಲಿ ಎಂಬುದು ನಿಯಮ. ಇನ್ಫೊಸಿಸ್ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವುದರಿಂದ ಕನ್ನಡ ಪತ್ರಿಕೆಗೂ ಇದು ಬರಬೇಕು. ಇಂಥ ಜಾಹೀರಾತುಗಳ ಕನ್ನಡವನ್ನು ಬಿಡಿಸಿಕೊಳ್ಳಲು ಕೆಲವೊಮ್ಮೆ ಇಂಗ್ಲಿಷ್ ಪ್ರತಿಯನ್ನೇ ಪಕ್ಕದಲ್ಲಿಟ್ಟುಕೊಳ್ಳಬೇಕಾಗುತ್ತದೆ ಎಂಬುದು ಬೇರೆ ಮಾತು. ದಿನಾಂಕಗಳ ಪಟ್ಟಿಗಾದರೂ ಅದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ರೆಕಾರ್ಡ್ ದಿನ ಎಂದರೆ ಯಾರ ಡಿಮ್ಯಾಟ್ ಖಾತೆಯಲ್ಲಿ ಎಷ್ಟು ಷೇರಿದೆ ಎಂದು ತಲೆಯೆಣಿಸುವ ದಿನ. ನಮ್ಮಲ್ಲಿ ಇವತ್ತು ಕೊಂಡ ಷೇರು ಖಾತೆಗೆ ಬರುವುದು ಮರುದಿನ. ಹಾಗಾಗಿ ನವೆಂಬರ್ 14ರಂದೇ ಕೊಂಡವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. 13ರೊಳಗೆ ಕೊಂಡಿರಬೇಕಿತ್ತು. ಪ್ರತಿ ಬೈಬ್ಯಾಕ್‌ನಲ್ಲೂ ಈ ಒಂದು ದಿನದ ತಪ್ಪು ಮಾಡುವವರು ಇದ್ದೇ ಇರುತ್ತಾರೆ.

ತಲೆಯೆಣಿಕೆ ಮುಗಿದ ಮೇಲಷ್ಟೇ ಅಸಲಿ ಸಂಖ್ಯೆ ಹುಟ್ಟುವುದು. ಯಾರ ಬಳಿ ಎಷ್ಟಿದೆ ಎಂದು ತಿಳಿಯದೆ ಪಾಲು ಹಾಕಲು ಬರುವುದಿಲ್ಲವಲ್ಲ. ಅದು ‘ಲೆಟರ್ ಆಫ್ ಆಫರ್’ ಎಂಬ ದಪ್ಪ ದಾಖಲೆಯಲ್ಲಿ ಬರುತ್ತದೆ. ರೆಕಾರ್ಡ್ ದಿನದಂದು ಷೇರಿದ್ದವರಿಗೆ ಇಮೇಲ್‌ನಲ್ಲೂ ಬರುತ್ತದೆ. ಹೆಚ್ಚಿನವರು ಅಳಿಸಿಹಾಕುವುದು ಇದನ್ನೇ. ಅದರಲ್ಲಿ ‘ಎಂಟೈಟಲ್‌ಮೆಂಟ್ ರೇಶಿಯೋ’ ಎಂಬ ಕೋಷ್ಟಕ ಹುಡುಕಿ. ಇನ್ಫೊಸಿಸ್ ಕೋಷ್ಟಕದಲ್ಲಿ ಎರಡು ಸಾಲುಗಳಿದ್ದವು. ಸಣ್ಣ ಷೇರುದಾರರಿಗೆ ಪ್ರತಿ 11 ಷೇರಿಗೆ 2. ಉಳಿದ ಅರ್ಹರಿಗೆ ಪ್ರತಿ 706 ಷೇರಿಗೆ 17.

ಎರಡರ ನಡುವಿನ ಅಂತರ ಎಷ್ಟು ದೊಡ್ಡದು ನೋಡಿ. 110 ಷೇರು ಇಟ್ಟುಕೊಂಡ ಹಾಸನದ ನಿವೃತ್ತ ಮೇಷ್ಟ್ರು ಒಬ್ಬರು ಎಂದುಕೊಳ್ಳೋಣ. 110ನ್ನು 11ರಿಂದ ಭಾಗಿಸಿ 2ರಿಂದ ಗುಣಿಸಿದರೆ 20. ಅಷ್ಟು ಷೇರನ್ನು 1,800ಕ್ಕೆ ಕೊಡುವ ಹಕ್ಕು ಅವರದು. ಅದೇ 706 ಷೇರು ಇಟ್ಟುಕೊಂಡವರ ಹಕ್ಕು 17. ಆರು ಪಟ್ಟಿಗೂ ಹೆಚ್ಚು ಷೇರಿದ್ದವರಿಗೆ ಮೇಷ್ಟ್ರಿಗಿಂತ ಮೂರು ಕಡಿಮೆ!

ಕಾರಣ ಹೀಗಿದೆ. ಟೆಂಡರ್ ಮೂಲಕ ಕೊಳ್ಳುವಾಗ ಒಟ್ಟು ಷೇರುಗಳಲ್ಲಿ ಕನಿಷ್ಠ ಶೇ 15ನ್ನು ಸಣ್ಣ ಷೇರುದಾರರಿಗೆ ಮೀಸಲಿಡಬೇಕು ಎಂದು ಸೆಬಿ ನಿಯಮ ಹೇಳುತ್ತದೆ. 10 ಕೋಟಿಯಲ್ಲಿ ಅದು 1.5 ಕೋಟಿ ಷೇರು. ಅನುಪಾತದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಣ್ಣವರೆಲ್ಲರ ಕೈಯಲ್ಲಿದ್ದ ಷೇರು ಸುಮಾರು ಎಂಟೂಕಾಲು ಕೋಟಿ. ಉಳಿದ ಎಂಟೂವರೆ ಕೋಟಿಯನ್ನು ಹಂಚಿಕೊಳ್ಳಬೇಕಾದವರ ಬಳಿ ಇದ್ದದ್ದು ಸುಮಾರು 353 ಕೋಟಿ. ಎರಡನ್ನೂ ಕೂಡಿದರೆ, ಪ್ರವರ್ತಕರನ್ನು ಬಿಟ್ಟ ಮೇಲೆ ಉಳಿದ ಆ 361 ಕೋಟಿಯೇ ಬರುತ್ತದೆ. ಬೇರೆ ಕಂಪನಿಯ ಪತ್ರಕ್ಕೂ ಹೀಗೆಯೇ ತಾಳೆ ಹಾಕಿ ನೋಡಬಹುದು, ಸೊನ್ನೆ ಎಣಿಸುವ ತಾಳ್ಮೆ ಇದ್ದರೆ ಸಾಕು.

ಹಾಗಾದರೆ ‘ಸಣ್ಣ’ ಯಾರು? ರೆಕಾರ್ಡ್ ದಿನದ ಮುಕ್ತಾಯ ಬೆಲೆಯ ಪ್ರಕಾರ ಆ ಕಂಪನಿಯ ಎರಡು ಲಕ್ಷ ರೂಪಾಯಿ ಮೀರದಷ್ಟು ಷೇರು ಉಳ್ಳವರು. ಅವರ ಉಳಿದ ಆಸ್ತಿ, ಆದಾಯ ಇಲ್ಲಿ ಲೆಕ್ಕಕ್ಕಿಲ್ಲ. ಆ ದಿನ ಇನ್ಫೊಸಿಸ್ ಬೆಲೆ 1,500ರ ಆಸುಪಾಸು ಇದ್ದುದರಿಂದ 130 ಚಿಲ್ಲರೆ ಷೇರಿನವರೆಗೆ ಸಣ್ಣವರು, ಅದಕ್ಕಿಂತ ಒಂದೆರಡು ಹೆಚ್ಚಿದ್ದರೂ ದೊಡ್ಡವರ ಸಾಲು. ಎರಡು ಮೂರು ಡಿಮ್ಯಾಟ್ ಖಾತೆಗಳಲ್ಲಿ ಹಂಚಿಟ್ಟರೆ ತಪ್ಪಿಸಿಕೊಳ್ಳಬಹುದೇ? ಆಗುವುದಿಲ್ಲ. ಒಂದೇ ಪ್ಯಾನ್‌ನ ಖಾತೆಗಳನ್ನೆಲ್ಲ ರಿಜಿಸ್ಟ್ರಾರ್ ಒಟ್ಟುಗೂಡಿಸಿ ನೋಡುತ್ತಾರೆ. ಗಂಡ ಹೆಂಡತಿಯ ಪ್ರತ್ಯೇಕ ಖಾತೆಗಳು ಮಾತ್ರ ಪ್ರತ್ಯೇಕವೇ.

ಈಗ ಆ ‘ಗ್ಯಾರಂಟಿ’ ಲೆಕ್ಕಕ್ಕೆ ಬರೋಣ. ರೆಕಾರ್ಡ್ ದಿನಕ್ಕೆ ಮುಂಚೆ 1,500ರಂತೆ 130 ಷೇರು ಕೊಂಡವರೊಬ್ಬರು ಹಾಕಿದ್ದು 1,95,000 ರೂಪಾಯಿ. 11ಕ್ಕೆ 2ರಂತೆ ಅವರ ಹಕ್ಕು 23.6 ಷೇರು. ಚೂರನ್ನು ಬಿಟ್ಟು 23. ಷೇರಿಗೆ 300ರಂತೆ ತೆರಿಗೆಗೆ ಮುಂಚಿನ ಲಾಭ 6,900. ಉಳಿದ 107 ಷೇರು ಖಾತೆಯಲ್ಲೇ ಕೂತಿರುತ್ತವೆ. ಅವುಗಳ ಬೆಲೆ ತಲಾ 65 ರೂಪಾಯಿ ಇಳಿದರೆ ಆ 6,900 ಮಾಯ. 1,500 ರೂಪಾಯಿಯ ಷೇರಿಗೆ 65 ರೂಪಾಯಿ ಇಳಿತ ಒಂದೆರಡು ದಿನದ ಮಾತು. ಇನ್ನೊಂದು ಅಪಾಯ ಏರಿಕೆಯಲ್ಲಿದೆ. ರೆಕಾರ್ಡ್ ದಿನ ಬೆಲೆ 1,539ಕ್ಕೆ ಮುಗಿದಿದ್ದರೆ ಈ 130 ಷೇರಿನ ಮೌಲ್ಯ ಎರಡು ಲಕ್ಷ ದಾಟುತ್ತಿತ್ತು. ಆಗ ಅವರು 706ಕ್ಕೆ 17ರ ಸಾಲಿಗೆ ಬಿದ್ದು, ಹಕ್ಕು 23ರಿಂದ 3ಕ್ಕೆ ಇಳಿಯುತ್ತಿತ್ತು. ಬೆಲೆ ಏರಿತೆಂದು ಖುಷಿಪಡಬೇಕೋ ಅಳಬೇಕೋ ತಿಳಿಯದ ಸ್ಥಿತಿ. ಇದಕ್ಕೆಲ್ಲ ಮೇಲಾಗಿ, ಕೊಳ್ಳುವ ಹೊತ್ತಿಗೆ 11ಕ್ಕೆ 2 ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅನುಪಾತ ಹೊರಬಿದ್ದದ್ದು ರೆಕಾರ್ಡ್ ದಿನದ ನಂತರ.

ಹಕ್ಕಿಗಿಂತ ಹೆಚ್ಚು ಷೇರನ್ನು ಟೆಂಡರ್‌ಗೆ ಕೊಡಲೂ ಅವಕಾಶವಿದೆ. ಬೇರೆಯವರು ತಮ್ಮ ಹಕ್ಕು ಬಳಸದೆ ಬಿಟ್ಟಷ್ಟು ಜಾಗ ಇಂಥವರಿಗೆ ಸಿಗುತ್ತದೆ. ಎಷ್ಟು ಸಿಗುತ್ತದೆಂದು ಯಾವ ದಾಖಲೆಯೂ ಹೇಳುವುದಿಲ್ಲ, ಹೇಳಲು ಸಾಧ್ಯವೂ ಇಲ್ಲ. ‘ಈ ಸಲ ಅರ್ಧದಷ್ಟು ಷೇರು ತಗೊಳ್ತಾರಂತೆ’ ಎಂದು ಯಾರಾದರೂ ಹೇಳಿದರೆ ಅದು ಊಹೆ. ಐದು ಅಥವಾ ಅದಕ್ಕಿಂತ ಕಡಿಮೆ ಷೇರಿದ್ದವರ ಹಕ್ಕು ಇಲ್ಲಿ ಒಂದಕ್ಕೂ ಮುಟ್ಟುತ್ತಿರಲಿಲ್ಲ. ಅವರು ಹೆಚ್ಚುವರಿಯಾಗಿ ಕೊಟ್ಟರೆ ಒಂದು ಷೇರನ್ನು ಸ್ವೀಕರಿಸುವಾಗ ಆದ್ಯತೆ ಕೊಡುವುದು ರೂಢಿ.

ಕಾಗದದ ಮೇಲಿನ 1,800 ಕೈಗೆ ಬರುವಾಗ ಎಷ್ಟಾಗುತ್ತದೆ ಎಂಬುದು ತೆರಿಗೆಯ ವಿಚಾರ. ಲೆಟರ್ ಆಫ್ ಆಫರ್‌ನ ಹಿಂಬದಿಯಲ್ಲಿ, ಯಾರೂ ತಲುಪದ ಪುಟಗಳಲ್ಲಿ ಇದು ಇರುತ್ತದೆ. 2024ರ ಅಕ್ಟೋಬರ್‌ಗೆ ಮುಂಚೆ ಬೈಬ್ಯಾಕ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಷೇರುದಾರನ ಕೈಗೆ ಪೂರ್ತಿ ಹಣ ಬರುತ್ತಿತ್ತು. ಆಮೇಲೆ ನಿಯಮ ಬದಲಾಯಿತು. ಇನ್ಫೊಸಿಸ್ ಬೈಬ್ಯಾಕ್ ನಡೆದಾಗ ಇದ್ದ ನಿಯಮದಂತೆ ಸಿಕ್ಕ ಹಣ ಪೂರ್ತಿಯಾಗಿ ಡಿವಿಡೆಂಡ್. ಲಾಭ ಮಾತ್ರವಲ್ಲ, ಅಸಲೂ ಸೇರಿ. ಷೇರು ಕೊಂಡಾಗ ಕೊಟ್ಟ ಹಣವನ್ನು ಇದರಲ್ಲಿ ಕಳೆಯುವಂತಿಲ್ಲ. ಅದನ್ನು ಪ್ರತ್ಯೇಕವಾಗಿ ಬಂಡವಾಳ ನಷ್ಟ ಎಂದು ತೋರಿಸಿ, ಬೇರೆ ಬಂಡವಾಳ ಲಾಭವಿದ್ದರೆ ಅದರಲ್ಲಿ ವಜಾ ಮಾಡಿಕೊಳ್ಳಬೇಕು. ಈಗ ಇಲ್ಲದಿದ್ದರೆ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು.

ಹಾಸನದ ಮೇಷ್ಟ್ರು ತಮ್ಮ 20 ಷೇರನ್ನು ಎರಡು ವರ್ಷದ ಹಿಂದೆ 1,400ರಂತೆ ಕೊಂಡಿದ್ದರು ಎಂದಿಟ್ಟುಕೊಳ್ಳಿ. ಬೈಬ್ಯಾಕ್‌ನಲ್ಲಿ ಬಂದದ್ದು 36,000. ಹತ್ತು ಸಾವಿರ ದಾಟಿದ್ದರಿಂದ ಕಂಪನಿ ಶೇ 10ರಂತೆ 3,600 ಟಿಡಿಎಸ್ ಹಿಡಿದು 32,400 ಬ್ಯಾಂಕಿಗೆ ಹಾಕುತ್ತದೆ. ಮೇಷ್ಟ್ರ ಪಿಂಚಣಿ, ಬಡ್ಡಿ, ಈ ಹಣ ಎಲ್ಲ ಸೇರಿ ಹೊಸ ಪದ್ಧತಿಯ 12 ಲಕ್ಷದ ರಿಯಾಯಿತಿ ಮಿತಿಯೊಳಗಿದ್ದರೆ ಅವರಿಗೆ ತೆರಿಗೆಯೇ ಇಲ್ಲ. ರಿಟರ್ನ್ಸ್ ಸಲ್ಲಿಸಿದರೆ 3,600 ವಾಪಸ್. ಪೇಟೆಯಲ್ಲಿ ಮಾರಿದ್ದರೆ 30,000 ಸಿಗುತ್ತಿತ್ತು. ಇಲ್ಲಿ 36,000. ಆರು ಸಾವಿರ ನಿಜವಾದ ಲಾಭ.

ಅದೇ 20 ಷೇರು, ಅದೇ ಬೆಲೆಗೆ ಕೊಂಡ ಅವರ ಮಗಳು ಬೆಂಗಳೂರಿನಲ್ಲಿ ಶೇ 30ರ ತೆರಿಗೆ ಹಂತದಲ್ಲಿದ್ದಾಳೆ. ಸೆಸ್ ಸೇರಿ ಶೇ 31.2ರಂತೆ 36,000ಕ್ಕೆ ಅವಳು ಕಟ್ಟಬೇಕಾದ್ದು 11,232. ಉಳಿಯುವುದು 24,768. ಪೇಟೆಯಲ್ಲಿ ಮಾರಿದ್ದರೆ 30,000 ಬರುತ್ತಿತ್ತು. ಅದರಲ್ಲಿ ಲಾಭ ಎರಡೇ ಸಾವಿರ. ವರ್ಷಕ್ಕೆ ಒಂದೂಕಾಲು ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲವಾದ್ದರಿಂದ, ಬೇರೆ ದೊಡ್ಡ ಲಾಭವಿಲ್ಲದಿದ್ದರೆ ಪೂರ್ತಿ ಹಣ ಅವಳದೇ. 1,800ಕ್ಕೆ ಕೊಟ್ಟು ಐದು ಸಾವಿರಕ್ಕೂ ಹೆಚ್ಚು ಕಳೆದುಕೊಂಡಂತಾಯಿತು. 28,000ದ ಬಂಡವಾಳ ನಷ್ಟ ಕೈಯಲ್ಲಿ ಉಳಿಯುತ್ತದೆ ನಿಜ. ಅದನ್ನು ತೆರಿಗೆ ಬೀಳುವಂಥ ದೀರ್ಘಾವಧಿ ಲಾಭಕ್ಕೆ ಪೂರ್ತಿ ವಜಾ ಹಾಕಿಕೊಂಡರೂ ಉಳಿಯುವ ತೆರಿಗೆ ಸುಮಾರು 3,640. ಆಗಲೂ ಪೇಟೆಯ 30,000ವನ್ನು ಮುಟ್ಟುವುದಿಲ್ಲ. ಒಂದೇ ಪತ್ರ, ಒಂದೇ ಬೆಲೆ, ಅಪ್ಪನಿಗೆ ಕೊಡುವುದು ಲಾಭ, ಮಗಳಿಗೆ ಸುಮ್ಮನಿರುವುದು ಲಾಭ.

ಈ ನಿಯಮವೂ ಸ್ಥಿರವಾಗಿ ನಿಂತಿಲ್ಲ. 2026ರ ಫೆಬ್ರವರಿ 1ರ ಬಜೆಟ್‌ನಲ್ಲಿ ಬೈಬ್ಯಾಕ್ ಹಣವನ್ನು ಮತ್ತೆ ಬಂಡವಾಳ ಲಾಭವೆಂದೇ ನೋಡುವ ಪ್ರಸ್ತಾವ ಬಂತು. ಆ ಪ್ರಕಾರ ಕೊಂಡ ಬೆಲೆ ಕಳೆದು ಉಳಿದ ಲಾಭಕ್ಕೆ ಮಾತ್ರ ತೆರಿಗೆ. ಹಾಗಾದಾಗ ಮಗಳ ಲೆಕ್ಕ ತಲೆಕೆಳಗಾಗುತ್ತದೆ. 36,000ದಲ್ಲಿ ಅವಳ ಲಾಭ 8,000 ಅಷ್ಟೇ, ಅವಳಿಗೂ ಕೊಡುವುದೇ ಮೇಲು. ಆದ್ದರಿಂದ ಯಾವುದೇ ಬೈಬ್ಯಾಕ್‌ನಲ್ಲಿ ಹಳೆಯ ಅನುಭವ ನಂಬದೆ, ಹಣ ಬರುವ ದಿನ ಜಾರಿಯಲ್ಲಿರುವ ನಿಯಮ ಯಾವುದು ಎಂದು ಆ ಪತ್ರದ ತೆರಿಗೆ ಟಿಪ್ಪಣಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ಕೊಡುವ ಕೆಲಸ. ಇನ್ಫೊಸಿಸ್ ಟೆಂಡರ್ ತೆರೆದದ್ದು ನವೆಂಬರ್ 20ಕ್ಕೆ, ಮುಚ್ಚಿದ್ದು 26ಕ್ಕೆ. ನಿಮ್ಮ ಬ್ರೋಕರ್‌ನ ಆ್ಯಪ್‌ನಲ್ಲಿ ಬೈಬ್ಯಾಕ್ ಅಥವಾ ಕಾರ್ಪೊರೇಟ್ ಆ್ಯಕ್ಷನ್ ಎಂಬ ಜಾಗದಲ್ಲಿ ಕಂಪನಿಯ ಹೆಸರು ಕಾಣುತ್ತದೆ. ಸಂಖ್ಯೆ ತುಂಬಿ ಒಪ್ಪಿಗೆ ಕೊಟ್ಟರೆ ಷೇರುಗಳು ಖಾತೆಯಲ್ಲೇ ಇದ್ದು, ಅವುಗಳ ಮೇಲೆ ತಡೆ ಬೀಳುತ್ತದೆ. ಆಮೇಲೆ ಅವನ್ನು ಮಾರಲಾಗುವುದಿಲ್ಲ. ಸ್ವೀಕಾರವಾದಷ್ಟು ಹೋಗಿ ಹಣ ಬರುತ್ತದೆ, ಉಳಿದವುಗಳ ತಡೆ ತೆರವಾಗುತ್ತದೆ. ಕೊನೆಯ ದಿನದವರೆಗೆ ಕಾಯುವುದು ಬೇಡ. ಪತ್ರದಲ್ಲಿ 26 ಎಂದಿದ್ದರೂ ಬ್ರೋಕರ್‌ಗಳು ತಮ್ಮ ಗ್ರಾಹಕರಿಗೆ ಅದಕ್ಕಿಂತ ಮುಂಚಿನ ಗಡುವು ಇಟ್ಟುಕೊಳ್ಳುವುದುಂಟು. ಅದು ಕಂಪನಿಯ ಪ್ರಕಟಣೆಯಲ್ಲಿ ಇರುವುದಿಲ್ಲ, ಬ್ರೋಕರ್‌ನ ಸೂಚನೆಯಲ್ಲಿ ಮಾತ್ರ ಇರುತ್ತದೆ. ದಾಖಲೆಗಳನ್ನು ಮೂಲದಲ್ಲೇ ನೋಡಬೇಕೆನಿಸಿದರೆ ಎನ್‌ಎಸ್‌ಇಯಲ್ಲಿ INFY, ಬಿಎಸ್‌ಇಯಲ್ಲಿ 500209 ಎಂದು ಹುಡುಕಿ ಪ್ರಕಟಣೆಗಳ ಪುಟ ತೆರೆಯಬಹುದು.

ಬೈಬ್ಯಾಕ್‌ನಲ್ಲಿ ಏನೂ ಮಾಡದೆ ಕೂತರೆ ಒಂದು ಅವಕಾಶ ತಪ್ಪಬಹುದು, ಕೈಯಲ್ಲಿದ್ದದ್ದು ಹೋಗುವುದಿಲ್ಲ. ಕೊಂಡ ಷೇರುಗಳನ್ನು ಕಂಪನಿ ರದ್ದು ಮಾಡುವುದರಿಂದ ಉಳಿದವರ ಪಾಲು ಕೂದಲೆಳೆಯಷ್ಟು ಹೆಚ್ಚುತ್ತದೆ, ಕಂಪನಿಯ ನಗದು ಅಷ್ಟೇ ಕರಗಿರುತ್ತದೆ. ಆದರೆ ಅದೇ ಬಗೆಯ ಇಂಗ್ಲಿಷಿನಲ್ಲಿ ಬರುವ ರೈಟ್ಸ್ ಇಶ್ಯೂ ಪತ್ರಕ್ಕೆ ಇದೇ ಉದಾಸೀನ ತೋರಿಸಿದರೆ ಹಣ ಹೋಗುತ್ತದೆ. ಅಲ್ಲಿ ಕಂಪನಿ ಹಳೆಯ ಷೇರುದಾರರಿಗೆ ಹೊಸ ಷೇರನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಡುತ್ತದೆ. ಆ ಹಕ್ಕಿಗೇ ಪೇಟೆಯಲ್ಲಿ ಬೆಲೆ ಇರುತ್ತದೆ, ಆಯುಷ್ಯವೂ ಇರುತ್ತದೆ.

2020ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ 53,124 ಕೋಟಿ ರೂಪಾಯಿಯ ರೈಟ್ಸ್ ಇಶ್ಯೂ ತಂದಾಗ 15 ಷೇರಿಗೆ 1ರಂತೆ, 1,257 ರೂಪಾಯಿಗೆ ಹೊಸ ಷೇರು ಎಂದಿತ್ತು. 150 ಷೇರು ಇದ್ದವರ ಡಿಮ್ಯಾಟ್ ಖಾತೆಗೆ 10 ಹಕ್ಕುಗಳು ಪ್ರತ್ಯೇಕ ಹೆಸರಿನಲ್ಲಿ ಬಂದು ಕೂತವು. ಮೇ 20ರಂದು, ಮೊದಲ ದಿನದ ವಹಿವಾಟಿನಲ್ಲೇ ಒಂದೊಂದು ಹಕ್ಕಿನ ಬೆಲೆ 200 ರೂಪಾಯಿ ದಾಟಿತು. ಹೊಸ ಷೇರು ಬೇಡದವರು ಅವನ್ನು ಮಾರಿ ಎರಡು ಸಾವಿರ ಎತ್ತಿಕೊಳ್ಳಬಹುದಿತ್ತು. ಹಕ್ಕುಗಳ ವಹಿವಾಟು ಮೇ 29ಕ್ಕೆ ನಿಂತಿತು, ಅರ್ಜಿಯ ಕೊನೆ ಜೂನ್ 3. ಅಷ್ಟರೊಳಗೆ ಮಾರದವರ, ಅರ್ಜಿಯನ್ನೂ ಹಾಕದವರ ಹಕ್ಕು ಸೊನ್ನೆಯಾಯಿತು. ಇವೇನೋ ಗೊತ್ತಿಲ್ಲದ ಹೆಸರಿನ ಷೇರು ಖಾತೆಗೆ ಬಂದಿದೆ, ಅಗ್ಗವಾಗಿದೆ ಎಂದು ಪೇಟೆಯಲ್ಲಿ ಹಕ್ಕುಗಳನ್ನು ಕೊಂಡು, ಅರ್ಜಿ ಹಾಕಿ ಹಣ ಕಟ್ಟುವುದನ್ನು ಮರೆತವರ ಗತಿಯೂ ಅದೇ.

ಅರ್ಜಿ ಹಾಕಿದವರೂ ಪತ್ರವನ್ನು ಮುಚ್ಚಿಡುವಂತಿರಲಿಲ್ಲ. ಆಗ ಕಟ್ಟಿದ್ದು ಷೇರಿಗೆ 314.25 ರೂಪಾಯಿ ಮಾತ್ರ, ಒಟ್ಟು ಬೆಲೆಯ ಕಾಲು ಭಾಗ. ಇನ್ನೊಂದು 314.25 ಅನ್ನು 2021ರ ಮೇ ತಿಂಗಳಲ್ಲೂ, ಬಾಕಿ 628.50 ಅನ್ನು ಅದೇ ವರ್ಷದ ನವೆಂಬರ್‌ನಲ್ಲೂ ಕಟ್ಟಬೇಕಿತ್ತು. ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ, ಮುಂದುವರಿದರೆ ಷೇರನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಕಂಪನಿಗೆ ಅವಕಾಶವಿದೆ. ವಿಳಾಸ ಬದಲಾದವರು, ಇಮೇಲ್ ನವೀಕರಿಸದವರು ಕಂತಿನ ಸೂಚನೆ ಬಂದದ್ದನ್ನೇ ನೋಡದೆ ಹೋಗುವುದುಂಟು. ಹಾಗಾಗಿ ಭಾಗಶಃ ಹಣ ಕಟ್ಟುವ ರೈಟ್ಸ್‌ನಲ್ಲಿ ಅರ್ಜಿ ಹಾಕಿದ ದಿನವೇ ಡಿಮ್ಯಾಟ್ ಖಾತೆಯ ಫೋನ್ ಸಂಖ್ಯೆ, ಇಮೇಲ್ ಸರಿಯಾಗಿವೆಯೇ ಎಂದು ನೋಡಿ, ಮುಂದಿನ ಕಂತಿನ ತಿಂಗಳುಗಳನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಬೇಕು.